ಡೇಟಾ ಸೋರಿಕೆಯ ನೋಟಿಸ್: ಬರೆಯುವ ಮೊದಲು ಗಡಿಯಾರ ಸರಿ ಮಾಡಿಕೊಳ್ಳಿ

ಗ್ರಾಹಕರ ಮಾಹಿತಿ ಸೋರಿದರೆ ಡೇಟಾ ಸಂರಕ್ಷಣಾ ಮಂಡಳಿಗೆ ತಿಳಿಸಬೇಕು ಎನ್ನುವ ನಿಯಮ 2025ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಜಾರಿಗೆ ಬರುವುದು 2027ರ ಮೇನಲ್ಲಿ. ತಯಾರಿಗೆಂದು ನಾನು ಕರಡು ಬರೆಸುತ್ತಿರುತ್ತೇನೆ. ಜಾಸ್ತಿ ಜನ ಎಡವುವುದು ಸಮಯ ಬರೆಯುವಾಗ.

ಮೊದಲ ನೋಟಿಸ್ ತಡಮಾಡದೆ ಹೋಗಬೇಕು. ಏನಾಯಿತು, ಯಾವಾಗ, ಎಲ್ಲಿ, ಎಷ್ಟು ಜನರದ್ದು, ಅವರಿಗೆ ಏನು ತೊಂದರೆ ಆಗಬಹುದು. ಒಂದು ಪುಟ ಸಾಕು. ಸಣ್ಣ ಸೋರಿಕೆ ಅಂತ ಸುಮ್ನೆ ಇರುವ ಹಾಗಿಲ್ಲ, ನಮ್ಮ ಕಾನೂನಿನಲ್ಲಿ ಆ ವಿನಾಯಿತಿ ಇಲ್ಲ.

ವಿವರವಾದ ವರದಿಗೆ ಸೋರಿಕೆ ತಿಳಿದಾಗಿನಿಂದ 72 ಗಂಟೆ. ಕಷ್ಟ ಇರುವುದು ಇಲ್ಲಿ.

ಒಂದು ಲ್ಯಾಬ್ ಅಂದುಕೊಳ್ಳಿ. 610 ರೋಗಿಗಳ ರಿಪೋರ್ಟ್ ಇದ್ದ ಫೋಲ್ಡರ್‌ನ ಲಿಂಕ್ ಯಾರು ಬೇಕಾದರೂ ತೆರೆಯುವಂತಿತ್ತು. ಸೋಮವಾರ ಬೆಳಿಗ್ಗೆ 10:20ಕ್ಕೆ ರೋಗಿಯೊಬ್ಬರು ರಿಸೆಪ್ಷನ್‌ಗೆ ಫೋನ್ ಮಾಡಿ ಹೇಳಿದರು. 10:45ಕ್ಕೆ ಲಿಂಕ್ ಮುಚ್ಚಿದರು. ಮಾಲೀಕರಿಗೆ ಗೊತ್ತಾಗಿದ್ದು ಸಂಜೆ 6ಕ್ಕೆ. 72 ಗಂಟೆ ಎಲ್ಲಿಂದ ಎಣಿಸಬೇಕು? ನಾನಾದರೆ 10:20ರಿಂದಲೇ. ರಿಸೆಪ್ಷನ್‌ಗೆ ತಿಳಿದರೆ ಲ್ಯಾಬಿಗೆ ತಿಳಿದಂತೆ ಅಲ್ವಾ? ಹಾಗಾಗಿ ಗಡುವು ಗುರುವಾರ ಬೆಳಿಗ್ಗೆ 10:20. ಸಾಲದಿದ್ದರೆ ಅದರೊಳಗೇ ಬರೆದು ಹೆಚ್ಚು ಸಮಯ ಕೇಳಿ.

ಈಗ ಸರ್ವರ್ ಲಾಗ್ ನೋಡಿ. ಕೊನೆಯ ಡೌನ್‌ಲೋಡ್ 05:30. ಕರಡಿನಲ್ಲಿ ‘ಲಿಂಕ್ ಮುಚ್ಚಿದ ಮೇಲೆ ಯಾರೂ ಫೈಲ್ ಇಳಿಸಿಕೊಂಡಿಲ್ಲ’ ಎಂದು ಬರೆದುಬಿಡುತ್ತಾರೆ. ಆದರೆ ಲಾಗ್ ಇರುವುದು ಯುಟಿಸಿ ಸಮಯದಲ್ಲಿ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಅಂದರೆ ಅದು 11:00, ಲಿಂಕ್ ಮುಚ್ಚಿ ಕಾಲು ಗಂಟೆಯಾದ ಮೇಲೆ. ಇನ್ನೊಂದು ಲಿಂಕ್ ತೆರೆದೇ ಇತ್ತು! ಎಲ್ಲ ಸಮಯವನ್ನೂ ಭಾರತೀಯ ಕಾಲಮಾನಕ್ಕೆ ತಂದು, ಪ್ರತಿ ಸಾಲಿನ ಪಕ್ಕ ಅದು ಲಾಗ್‌ನಿಂದ ಬಂದದ್ದೋ ಯಾರದೋ ನೆನಪಿನಿಂದಲೋ ಬರೆಯಿರಿ.

ಕ್ರಮಗಳ ಭಾಗದಲ್ಲಿ ‘ತಕ್ಷಣ ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂಬ ಸಾಲನ್ನು ಹೊಡೆದುಹಾಕಿ. ದುಡ್ಡಿಗೆ ಸಿಗುವ ರೆಡಿಮೇಡ್ ನಮೂನೆಗಳಲ್ಲೆಲ್ಲ ಅದೇ ಇರುತ್ತದೆ. ಹೀಗೆ ಬರೆಯಿರಿ: ‘10:45ಕ್ಕೆ ಮೊದಲ ಲಿಂಕ್ ಮುಚ್ಚಿದೆವು. 12:10ಕ್ಕೆ ಎರಡನೆಯದು ಕಂಡುಬಂತು, ಅದನ್ನೂ ಮುಚ್ಚಿದೆವು. ಹೊರಗಿನವರಿಗೆ ಲಿಂಕ್ ಕೊಡುವ ಸೌಲಭ್ಯವನ್ನು ಬುಧವಾರ ತೆಗೆಯುತ್ತೇವೆ.’ ಮಾಡಿದ್ದು ಬೇರೆ, ಮಾಡಲಿರುವುದು ಬೇರೆ. ಎರಡನ್ನೂ ಬೆರೆಸಬೇಡಿ.

ಸೋರಿಕೆ ಯಾರಿಂದ ಆಯಿತು ಎಂದು ಕಂಡುಕೊಂಡದ್ದೂ ಇರಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್‌ಗೆ 6 ಗಂಟೆಯೊಳಗೆ ಕೊಡಬೇಕಾದ ವರದಿ ಬೇರೆಯದು, ಅದು 2022ರಿಂದಲೇ ಇದೆ.

ಕೊನೆಗೆ, ರೋಗಿಗಳಿಗೆ ತಿಳಿಸಿದ ಲೆಕ್ಕ. ‘ಎಲ್ಲರಿಗೂ ತಿಳಿಸಿದ್ದೇವೆ’ ಅಂದರೆ ಸಾಲದು. ಎಸ್‌ಎಂಎಸ್ ಕಳಿಸಿದ್ದು 610, ತಲುಪದ್ದು 23, ಆ 23 ಜನಕ್ಕೆ ಫೋನ್ ಮಾಡುತ್ತಿದ್ದೇವೆ ಎಂದು ಬರೆಯಿರಿ.