ಶನಿವಾರಕ್ಕೆ 600 ಶಾಫ್ಟ್: ಬೈದ ಮೆಸೇಜುಗಳಿಂದ ಬಾಸ್‌ಗೆ ಕಳಿಸಿದ ಮೆಸೇಜಿನ ತನಕ

ತುಮಕೂರಿನ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಒಂದು ಮೆಷಿನಿಂಗ್ ಫ್ಯಾಕ್ಟರಿಯಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಯಾವ ಜಾಬ್ ಯಾವ ಮೆಷಿನ್ ಮೇಲೆ, ಯಾವಾಗ ಡಿಸ್ಪ್ಯಾಚ್ ಅನ್ನೋದು ನನ್ನ ಕೆಲಸ. ಹಾಗಾಗಿ ಆಗದ ಡೇಟ್ ಯಾರೇ ಕೊಟ್ಟರೂ ಕೊನೆಗೆ ಅದು ನನ್ನ ಟೇಬಲ್ಲಿಗೇ ಬರುತ್ತದೆ.

ಒಂದು ಸೋಮವಾರ ಸಂಜೆ ನಮ್ಮ ಪ್ಲಾಂಟ್ ಮ್ಯಾನೇಜರ್ ಫೋನ್ ಮಾಡಿ, "600 ಶಾಫ್ಟ್, ಶನಿವಾರ ಗಾಡಿ ಹೋಗಬೇಕು" ಅಂದು ಇಟ್ಟುಬಿಟ್ಟರು. ನಮ್ಮ ನಾಲ್ಕೈದು ಜನರ ವಾಟ್ಸಾಪ್ ಗ್ರೂಪ್ ಇದೆ. ಸ್ಟೋರ್ಸ್, ಕ್ವಾಲಿಟಿ, ಶಿಫ್ಟ್ ಇನ್‌ಚಾರ್ಜ್, ನಾನು. ಬಾಸ್ ಇಲ್ಲದ ಗ್ರೂಪ್ ಅಂದಮೇಲೆ ಕೇಳಬೇಕಾ. ಶಾಫ್ಟ್ ಅಂದರೆ ಮೆಷಿನಲ್ಲಿ ತಿರುಗೋ ಲೋಹದ ದಂಡ, ಕೀವೇ ಅಂದರೆ ಅದರ ಮೇಲೆ ಕೊರೆಯೋ ಉದ್ದನೆ ಸೀಳು, ಅದನ್ನ ಕೊರೆಯೋ ಕಂಪ್ಯೂಟರ್ ಮಿಲ್ಲಿಂಗ್ ಮೆಷಿನ್ನೇ ವಿಎಂಸಿ. ಹೌಸಿಂಗ್ ಅನ್ನೋದು ಬೇರೆ ಕಸ್ಟಮರ್‌ನ ಪಾರ್ಟ್. ಬಸ್ಸಲ್ಲಿ ಕೂತು ನಾನು ಹಾಕಿದ ಮೆಸೇಜುಗಳು ಹೀಗಿದ್ದವು:

"ಶನಿವಾರ ಅಂತೆ! ಕನಸು ಬಿತ್ತಾ ಇವರಿಗೆ?"

"ವಿಎಂಸಿ ಇರೋದೇ ಒಂದು. ಅದರ ಮೇಲೆ ಹೌಸಿಂಗ್ ಜಾಬ್ ಕೂತಿದೆ. ನಾನೇನು ಉಗುರಲ್ಲಿ ಕೀವೇ ಕೆರೀಲಾ?"

"ಪೀಣ್ಯದವರು ಎರಡು ದಿನಕ್ಕಿಂತ ಮುಂಚೆ ಹೀಟ್ ಟ್ರೀಟ್‌ಮೆಂಟ್ ಮಾಡಿ ಕೊಟ್ಟಿದ್ದು ಯಾರಾದ್ರೂ ನೋಡಿದೀರಾ?"

"ಸೇಲ್ಸ್‌ನವರು ಬಾಯಿಗೆ ಬಂದ ಡೇಟ್ ಕೊಡ್ತಾರೆ, ಬೈಸ್ಕೊಳ್ಳೋದು ನಾವು."

"ಅರ್ಜೆಂಟ್ ಅಂತ ಗ್ರೈಂಡಿಂಗ್ ಓಡಿಸಿದ್ರೆ ಹೋದ ಸಲದ ಥರ ಬರ್ನ್ ಬರುತ್ತೆ, ಆಮೇಲೆ ಕ್ವಾಲಿಟಿ ಮೇಲೆ ಗೂಬೆ."

"ಫ್ಲೋರ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಈ ಮನುಷ್ಯನಿಗೆ."

ಇಂಥ ಮೆಸೇಜುಗಳನ್ನ ನಾನು ಡಿಲೀಟ್ ಮಾಡಲ್ಲ. ಬಾಸ್‌ಗೆ ಹೇಳಬೇಕಾದ್ದೆಲ್ಲ ಹೆಚ್ಚುಕಡಿಮೆ ಅದರಲ್ಲೇ ಇರುತ್ತದೆ. ಕೋಪದಲ್ಲಿ ಇರುವಾಗ ನಾವು ನಾಜೂಕು ಮಾಡಲ್ಲ ನೋಡಿ, ನಿಜವಾದ ಅಡ್ಡಿ ಎಲ್ಲಿದೆ ಅನ್ನೋದು ಮೊದಲು ಬಾಯಿಗೆ ಬರುತ್ತದೆ. ಮನೆಗೆ ಹೋಗಿ ಊಟ ಮಾಡಿ, ಮೆಸೇಜುಗಳನ್ನ ಒಂದೊಂದಾಗಿ ತೆಗೆದು ನೋಡುತ್ತೇನೆ. ಇದರಲ್ಲಿ ಲೆಕ್ಕ ಇದೆಯಾ, ಪ್ರಶ್ನೆ ಇದೆಯಾ, ಇಲ್ಲ ಸುಮ್ನೆ ಹೊಟ್ಟೆ ಉರಿಯಾ?

ಕನಸಿನ ಮೆಸೇಜಲ್ಲಿ ಏನೂ ಇಲ್ಲ, ಬಿಟ್ಟೆ. ಕೊನೆಯದ್ದು ನಿಜವೇ ಅಲ್ಲ. ಸರ್ ಟರ್ನರ್ ಆಗಿ ಕೆಲಸ ಶುರು ಮಾಡಿ ಮೇಲೆ ಬಂದವರು, ಫ್ಲೋರ್ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಆ ವಾರ ಯಾವ ಮೆಷಿನ್ ಮೇಲೆ ಏನು ಕೂತಿದೆ ಅನ್ನೋದು ಮಾತ್ರ. ಅದನ್ನ ಹೇಳೋಕೇ ನನಗೆ ಸಂಬಳ ಕೊಡೋದು.

ವಿಎಂಸಿ ಮೆಸೇಜಲ್ಲಿ ಮಾತ್ರ ಪೂರ್ತಿ ಲೆಕ್ಕ ಇತ್ತು. ಶಾಫ್ಟಿಗೆ ಮೊದಲು ಟರ್ನಿಂಗ್, ಆಮೇಲೆ ವಿಎಂಸಿಯಲ್ಲಿ ಕೀವೇ, ಆಮೇಲೆ ಪೀಣ್ಯಕ್ಕೆ ಕಳಿಸಿ ಹೀಟ್ ಟ್ರೀಟ್‌ಮೆಂಟ್, ಬಂದಮೇಲೆ ಗ್ರೈಂಡಿಂಗ್, ಕೊನೆಗೆ ಇನ್‌ಸ್ಪೆಕ್ಷನ್. ಟರ್ನಿಂಗ್ ಪೀಸಿಗೆ 4 ನಿಮಿಷ, ಲೇತ್ ಎರಡಿವೆ, ಅದು ತೊಂದರೆ ಇಲ್ಲ. ಕೀವೇಗೆ ಪೀಸ್ ಕಟ್ಟಿ ಬಿಚ್ಚೋದೂ ಸೇರಿ 5 ನಿಮಿಷ. 600 ಪೀಸಿಗೆ 3,000 ನಿಮಿಷ, ಅಂದರೆ 50 ಗಂಟೆ. ಎಂಟು ಗಂಟೆ ಶಿಫ್ಟಲ್ಲಿ ಊಟ, ಟೀ, ಟೂಲ್ ಬದಲಾಯಿಸೋದು ಕಳೆದು 7 ಗಂಟೆ ಮೆಷಿನ್ ಓಡಿದರೆ ಹೆಚ್ಚು. ಎರಡು ಶಿಫ್ಟಿಗೆ 14 ಗಂಟೆ. 50 ಗಂಟೆಗೆ ಮೂರೂವರೆ ದಿನದ ಮೇಲೇ ಆಯ್ತು. ಮಂಗಳವಾರ ಶುರು ಮಾಡಿದರೂ ಶುಕ್ರವಾರ ರಾತ್ರಿ ತನಕ ಕೀವೇನೇ ಮುಗಿಯಲ್ಲ. ಆಮೇಲೆ ಪೀಣ್ಯಕ್ಕೆ ಎರಡು ದಿನ, ಗ್ರೈಂಡಿಂಗ್ ಪೀಸಿಗೆ 3 ನಿಮಿಷದ ಹಾಗೆ 30 ಗಂಟೆ.

"ಆಗಲ್ಲ" ಅಂತ ಈಗ ಧೈರ್ಯವಾಗಿ ಹೇಳಬಹುದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಸರ್ ಕೈಯಲ್ಲಿ ಏನೂ ಉಳಿಯಲ್ಲ. ಅವರೂ ಮೇಲಿನವರಿಗೆ ಏನಾದರೂ ಹೇಳಬೇಕಲ್ವಾ? ಅದಕ್ಕೆ ಅದೇ ಲೆಕ್ಕವನ್ನ ತಿರುಗಿಸಿ ಹಾಕಿದೆ. ಶನಿವಾರಕ್ಕೆ 600 ಆಗಲ್ಲ, ಸರಿ. ಎಷ್ಟು ಆಗುತ್ತೆ?

200 ಪೀಸಿಗೆ ಕೀವೇ ಹದಿನೇಳು ಗಂಟೆ ಹತ್ತಿರ. ಮೂರನೇ ಶಿಫ್ಟೂ ಓಡಿಸಿದರೆ, ಮಂಗಳವಾರ ಬೆಳಗ್ಗೆ 11ಕ್ಕೆ ಹಿಡಿದದ್ದು ಬುಧವಾರ ಬೆಳಗಿನ ಹೊತ್ತಿಗೆ ಮುಗಿಯುತ್ತೆ. ಬುಧವಾರ ಗಾಡಿ ಪೀಣ್ಯಕ್ಕೆ, ಶುಕ್ರವಾರ ಬೆಳಗ್ಗೆ ವಾಪಸ್. ಶುಕ್ರವಾರ 10 ಗಂಟೆ ಗ್ರೈಂಡಿಂಗ್, ಶನಿವಾರ ನೋಡಿ ಎಣ್ಣೆ ಹಚ್ಚಿ ಪ್ಯಾಕಿಂಗ್. ಉಳಿದ 400 ಗುರುವಾರ ರಾತ್ರಿಗೆ ವಿಎಂಸಿ ಬಿಟ್ಟರೆ ಅದರ ಮುಂದಿನ ಬುಧವಾರ ಡಿಸ್ಪ್ಯಾಚ್. ಆದರೆ ಎಷ್ಟಕ್ಕೆ ಗಾಡಿ ಹೊರಡಿಸಬೇಕು, 150ಕ್ಕಾ 200ಕ್ಕಾ ಅನ್ನೋದು ನನ್ನ ಕೈಯಲ್ಲಿ ಇರಲಿಲ್ಲ. ಅದು ಸೇಲ್ಸ್‌ನವರನ್ನ ಬೈದ ಮೆಸೇಜಲ್ಲಿ ಅಡಗಿತ್ತು. ಅದನ್ನ ತಿರುಗಿಸಿದರೆ ಒಳ್ಳೇ ಪ್ರಶ್ನೆ: ಈ ಡೇಟ್ ಕಸ್ಟಮರ್ ಕೇಳಿದ್ದಾ, ನಾವೇ ಕೊಟ್ಟದ್ದಾ? ಶನಿವಾರ ಅವರಿಗೆ ನಿಜವಾಗಿ ಎಷ್ಟು ಪೀಸ್ ಬೇಕು?

ಗ್ರೈಂಡಿಂಗ್ ಬರ್ನ್ ಮಾತನ್ನ ಬರೆಯೋ ಮೆಸೇಜಿಗೆ ಸೇರಿಸಲಿಲ್ಲ. ಅವಸರದಲ್ಲಿ ಒಂದೇ ಪಾಸಿಗೆ ಜಾಸ್ತಿ ಕಟ್ ಕೊಟ್ಟರೆ ಹಾರ್ಡ್ ಆದ ಮೇಲ್ಮೈ ಸುಡುತ್ತದೆ, ಕೆಲವು ಸಲ ಕಣ್ಣಿಗೂ ಕಾಣಲ್ಲ. ಅದು ನಿಜ. ಆದರೆ "ಹೋದ ಸಲ" ಅಂತ ಶುರು ಮಾಡಿದರೆ ಮಾತು ಹೋದ ಸಲಕ್ಕೇ ಹೋಗುತ್ತೆ, ಯಾರ ತಪ್ಪು ಅಂತ. ಕೇಳಿದರೆ ಹೇಳೋಣ ಅಂತ ಇಟ್ಟುಕೊಂಡೆ.

ರಾತ್ರಿ ಕಳಿಸಿದ ಮೆಸೇಜ್ ಇದು:

"ಸರ್ ನಮಸ್ತೆ. ಶಾಫ್ಟ್ ಆರ್ಡರ್‌ಗೆ ಪ್ಲಾನ್ ಹಾಕಿ ನೋಡಿದೆ. 600 ಪೂರ್ತಿ ಈ ಶನಿವಾರಕ್ಕೆ ಸಿಗೋದಿಲ್ಲ ಸರ್. ಕೀವೇಗೇ 50 ಗಂಟೆ, ಆಮೇಲೆ ಹೀಟ್ ಟ್ರೀಟ್‌ಮೆಂಟ್ ಎರಡು ದಿನ, ಗ್ರೈಂಡಿಂಗ್ 30 ಗಂಟೆ ಇದೆ. ಶನಿವಾರಕ್ಕೆ 200 ಕೊಡಬಹುದು, ಉಳಿದ 400 ಮುಂದಿನ ಬುಧವಾರ. ಅದಕ್ಕೆ ನಿಮ್ಮ ಒಪ್ಪಿಗೆ ಎರಡಕ್ಕೆ ಬೇಕು. ಗುರುವಾರದ ತನಕ ವಿಎಂಸಿಗೆ ಮೂರನೇ ಶಿಫ್ಟ್, ಮತ್ತೆ ಹೌಸಿಂಗ್ ಜಾಬ್ ಶುಕ್ರವಾರಕ್ಕೆ ಹಾಕೋದು. ಕಸ್ಟಮರ್‌ಗೆ ಶನಿವಾರ ಎಷ್ಟು ಬೇಕೇಬೇಕು ಅಂತ ಗೊತ್ತಾದ್ರೆ ಪ್ಲಾನ್ ಇನ್ನೂ ಸರಿ ಮಾಡ್ತೀನಿ. ಬೆಳಗ್ಗೆ ಮೀಟಿಂಗ್‌ಗೆ ಮುಂಚೆ ಹತ್ತು ನಿಮಿಷ ಸಿಗಬಹುದಾ ಸರ್?"

ಇದರಲ್ಲಿ "ನೀವು ಶನಿವಾರ ಅಂದ್ರಿ" ಅನ್ನೋದು ಎಲ್ಲೂ ಇಲ್ಲ, ಬೇಕಂತಲೇ ಬಿಟ್ಟದ್ದು. ಸಿಗೋದಿಲ್ಲ ಅನ್ನೋದು ಮೂರನೇ ಸಾಲಲ್ಲೇ ಇದೆ. ನಮ್ಮ ಕಡೆ ಮರ್ಯಾದೆಗೆ ಅಂತ "ನೋಡೋಣ ಸರ್", "ಟ್ರೈ ಮಾಡ್ತೀನಿ ಸರ್" ಅಂದುಬಿಡ್ತೀವಿ. ಕೇಳಿದವರು ಅದನ್ನ ಒಪ್ಪಿಗೆ ಅಂತ ತಗೊಂಡು ಕಸ್ಟಮರ್‌ಗೂ ಹೇಳಿಬಿಡ್ತಾರೆ. ಆಮೇಲೆ ಶುಕ್ರವಾರ ಸಂಜೆ ಆಗಲ್ಲ ಅಂದರೆ ಅದು ನಿಜವಾದ ಅಗೌರವ. ಜಿಎಂ ಅವರನ್ನ ಸಿಸಿಯಲ್ಲಿ ಹಾಕಲಿಲ್ಲ. ಮೀಟಿಂಗಲ್ಲಿ ಎತ್ತಲೂ ಇಲ್ಲ, ಹತ್ತು ಜನರ ಮುಂದೆ ಯಾವ ಮ್ಯಾನೇಜರೂ ತನ್ನ ಡೇಟ್ ವಾಪಸ್ ತಗೊಳ್ಳಲ್ಲ.

ಬೆಳಗ್ಗೆ ಹೋದಾಗ ಸರ್ ಮುಖ ಗಂಟು ಹಾಕಿಕೊಂಡೇ ಇದ್ದರು. "ಏನಮ್ಮಾ, ಮೂರನೇ ಶಿಫ್ಟ್ ಹಾಕಿದ್ರೆ 600 ಮುಗೀತಲ್ಲ?"

"ಕೀವೇ ಮುಗಿಯುತ್ತೆ ಸರ್, ಗುರುವಾರ ರಾತ್ರಿಗೆ. ಪೀಣ್ಯದಿಂದ ಬರೋದು ಭಾನುವಾರ."

"ಕೀವೇಗೆ 5 ನಿಮಿಷ ಯಾಕೆ? ಫೀಡ್ ಜಾಸ್ತಿ ಮಾಡಿ 4ಕ್ಕೆ ತನ್ನಿ."

ಈ ಪ್ರಶ್ನೆ ಬಂದೇ ಬರುತ್ತೆ, ಅದಕ್ಕೇ ನಾನು ಲೆಕ್ಕದಲ್ಲಿ ಎಲ್ಲೂ ಕಳ್ಳ ಗಂಟೆ ಸೇರಿಸಲ್ಲ. ಒಂದು ಕಡೆ ಉಬ್ಬಿಸಿದ್ದು ಸಿಕ್ಕಿಬಿದ್ದರೆ ಉಳಿದ ಎಲ್ಲ ಅಂಕಿಗೂ ಬೆಲೆ ಇಲ್ಲ. 5 ನಿಮಿಷ ಅನ್ನೋದು ಪ್ರೊಡಕ್ಷನ್ ಶೀಟಲ್ಲಿ ದಿನಾ ಬರೆಯೋ ಪೀಸ್ ಲೆಕ್ಕದಿಂದ ಬಂದದ್ದು. ಶೀಟ್ ಮುಂದಿಟ್ಟೆ. ಕೀವೇ ಕಟ್ಟರ್ ಸಣ್ಣದು, ಫೀಡ್ ಏರಿಸಿದರೆ ಮುರಿಯುತ್ತೆ ಅನ್ನೋದನ್ನ ನಾನು ಹೇಳಬೇಕಾಗಲಿಲ್ಲ. ಹಳೇ ಟರ್ನರ್ ಅಲ್ವಾ, ಶೀಟ್ ನೋಡುತ್ತಲೇ ತಲೆ ಆಡಿಸಿದರು.

ಮೂರನೇ ಶಿಫ್ಟಿಗೆ ಸ್ವಲ್ಪ ಗೊಣಗಿದರು. ರಾತ್ರಿಗೆ ಬೇರೆ ಆಪರೇಟರ್ ಇಲ್ಲ, ಇರೋರೇ ಹಂಚಿಕೊಂಡು ಓವರ್‌ಟೈಮ್ ಮಾಡಬೇಕು. ಫ್ಯಾಕ್ಟರಿ ಕಾನೂನಿನ ಪ್ರಕಾರ ಅದಕ್ಕೆ ಎರಡು ಪಟ್ಟು ಕೂಲಿ. ಅದು ಅವರ ಬಜೆಟ್ಟಿನ ಮಾತು, ನಾನು ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ನನ್ನ ಮುಂದೆಯೇ ಸೇಲ್ಸ್‌ಗೆ ಫೋನ್ ಹಚ್ಚಿದರು. ಕಸ್ಟಮರ್ ಲೈನಿಗೆ ಸೋಮವಾರ ಬೇಕಾಗಿದ್ದು 150. ಉಳಿದದ್ದು ಆ ವಾರದಲ್ಲಿ ಯಾವಾಗ ಬಂದರೂ ನಡೆಯುತ್ತಿತ್ತು. 600 ಅನ್ನೋದು ಪರ್ಚೇಸ್ ಆರ್ಡರಿನ ಒಟ್ಟು ಸಂಖ್ಯೆ. ಶನಿವಾರ ಅನ್ನೋದು ಮೊದಲ ಲಾಟಿನ ಡೇಟ್. ಫೋನಿಂದ ಫೋನಿಗೆ ಬರುವಾಗ ಎರಡೂ ಅಂಟಿಕೊಂಡುಬಿಟ್ಟಿದ್ದವು.

ಎಲ್ಲ ಸಲ ಹೀಗೆ ಸಲೀಸಾಗಿ ಬಿಚ್ಚಿಕೊಳ್ಳುತ್ತೆ ಅಂತಲ್ಲ. ಆ ಶನಿವಾರವೂ 200 ಹೋಗಲಿಲ್ಲ, ಗ್ರೈಂಡಿಂಗಲ್ಲಿ ಸೈಜ್ ತಪ್ಪಿದ ಪೀಸ್ ತೆಗೆದು 188 ಹೋಯಿತು. 150ಕ್ಕೆ ಸಾಕಾಯಿತು. ಎರಡನೇ ಲಾಟಿನ ಗಾಡಿ ಪೀಣ್ಯದಿಂದ ಬರೋದು ತಡವಾಗುತ್ತೆ ಅಂತ ಸೋಮವಾರ ಬೆಳಗ್ಗೆಯೇ ಗೊತ್ತಾಯಿತು. ಆವಾಗಲೇ ಸರ್‌ಗೆ ಹೇಳಿದೆ, "ಬುಧವಾರ ಅಲ್ಲ ಸರ್, ಗುರುವಾರ." ಒಮ್ಮೆ ಡೇಟ್ ಬದಲಾಯಿಸಿಕೊಂಡ ಮೇಲೆ ನಮ್ಮ ಡೇಟ್ ಜಾರುತ್ತೆ ಅಂತ ಗೊತ್ತಾದ ಗಂಟೆಯಲ್ಲೇ ಹೇಳಬೇಕು. ಇಲ್ಲಾಂದ್ರೆ ಮುಂದಿನ ಸಲ ನಮ್ಮ ಲೆಕ್ಕ ಯಾರೂ ಕೇಳಲ್ಲ.

ಡೇಟ್ ಅಲುಗಾಡದ ಸಂದರ್ಭವೂ ಇದೆ. ಕಸ್ಟಮರ್ ಲೈನ್ ನಿಂತರೆ ನಮಗೆ ದಂಡ ಬೀಳುತ್ತೆ, ಆಗ ಸರ್ ಕೂಡ ಏನೂ ಮಾಡೋಕಾಗಲ್ಲ. ಅಂಥ ಕಡೆ ಆಗಲ್ಲ ಅಂತ ವಾದ ಮಾಡೋದು ಬಿಟ್ಟು ಒಂದೇ ಕೇಳುತ್ತೇನೆ: "ಸರ್, ಇದನ್ನ ಮೊದಲು ತಗೊಂಡ್ರೆ ವಿಎಂಸಿ ಮೇಲಿರೋ ಯಾವ ಜಾಬ್ ಇಳಿಸಲಿ?" ಮೆಷಿನ್ ಲೋಡ್ ಚಾರ್ಟ್ ಮುಂದಿಟ್ಟು ಕೇಳಬೇಕು, ಬಾಯಲ್ಲಿ ಕೇಳಿದರೆ "ಎಲ್ಲಾ ಮಾಡಿ" ಅನ್ನೋ ಉತ್ತರ ಬರುತ್ತೆ. ಚಾರ್ಟ್ ಮೇಲೆ ಬೆರಳಿಟ್ಟು ಒಂದನ್ನ ತೋರಿಸಿದರೆ, ಇಳಿಸಿದ ಜಾಬಿನ ಹೊಸ ಡೇಟ್ ಸೇರಿಸಿ ಅವತ್ತೇ ಸಂಜೆ ಒಂದು ಸಾಲು ಮೆಸೇಜ್ ಹಾಕುತ್ತೇನೆ: "ಸರ್, ನೀವು ಹೇಳಿದ ಹಾಗೆ ಹೌಸಿಂಗ್ ಇಳಿಸಿದ್ದೇನೆ, ಅದು ಇನ್ನು 20ಕ್ಕೆ." ಅದರ ಕಸ್ಟಮರ್‌ಗೆ ತಿಳಿಸೋದು ಸೇಲ್ಸ್ ಕೆಲಸ, ಹಾಗಾಗಿ ಅವರಿಗೂ ಅದೇ ಮೆಸೇಜ್ ಫಾರ್ವರ್ಡ್.