ಸ್ಟ್ಯಾಟಿನ್ ಮಾತ್ರೆಯ ‘ಶೇ 36 ಕಡಿಮೆ’: ಲೆಕ್ಕ ಓದುವುದು ಹೇಗೆ?

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಗೊಂಡರೆ ಹಾರ್ಟ್ ಅಟ್ಯಾಕ್ ಶೇ 36ರಷ್ಟು ಕಡಿಮೆ ಎಂದು ಓದಿದ ನಮ್ಮ ಚಿಕ್ಕಪ್ಪ, ‘ನೂರು ಜನ ನುಂಗಿದರೆ 36 ಜನ ಬಚಾವ್, ಅಲ್ವಾ?’ ಎಂದರು. ಅಲ್ಲ. ‘ಲಾಭ ಬರೀ ಶೇ 1’ ಎಂಬ ಫಾರ್ವರ್ಡ್ ನಂಬಿದ ಪಕ್ಕದ ಮನೆಯವರು ಮಾತ್ರೆಯನ್ನೇ ಬಿಟ್ಟಿದ್ದರು. ಅವರಿಗೆ ಆಗಲೇ ಒಮ್ಮೆ ಅಟ್ಯಾಕ್ ಆಗಿತ್ತು. ಈ ಎರಡು ಅಂಕಿಗಳೂ ಒಂದೇ ಪ್ರಯೋಗದಿಂದ ಬಂದವು. ಎರಡೂ ಸರಿ. ಹಾಳೆ, ಪೆನ್ನು ತಗೊಳ್ಳಿ, ಒಟ್ಟಿಗೆ ಬಿಡಿಸೋಣ.

ಮೊದಲು ತಲೆ ಎಣಿಸಿ. ಶೇಕಡಾವಾರು ಲೆಕ್ಕವನ್ನು ಪಕ್ಕಕ್ಕಿಡಿ. ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ತೊಂದರೆಯಾಯಿತು ಎಂದು ಹುಡುಕಿ. 2003ರಲ್ಲಿ ಪ್ರಕಟವಾದ ಆಸ್ಕಾಟ್ ಪ್ರಯೋಗದಲ್ಲಿ ಇದ್ದವರು ಬಿ.ಪಿ. ಜೊತೆಗೆ ಹೃದ್ರೋಗ ತರುವ ಬೇರೆ ಕಾರಣಗಳೂ ಇದ್ದವರು. ಔಷಧವಿಲ್ಲದ ಹುಸಿ ಮಾತ್ರೆ ಪಡೆದ 5,137 ಜನರಲ್ಲಿ 154 ಮಂದಿಗೆ ಹಾರ್ಟ್ ಅಟ್ಯಾಕ್ ಆಯಿತು, ಇಲ್ಲವೇ ಹೃದ್ರೋಗದಿಂದ ಸಾವು ಬಂತು. ಅಟೋರ್ವಾಸ್ಟ್ಯಾಟಿನ್ 10 ಮಿಲಿಗ್ರಾಂ ಪಡೆದ 5,168 ಜನರಲ್ಲಿ 100 ಮಂದಿಗೆ ಹೀಗಾಯಿತು. ಅಂದರೆ ನೂರಕ್ಕೆ 3 ಇದ್ದದ್ದು ಸುಮಾರು 1.9ಕ್ಕೆ ಇಳಿಯಿತು.

ಈಗ ಎರಡು ರೀತಿಯಲ್ಲಿ ಹೋಲಿಸಿ. 3ರಿಂದ 1.9 ಕಳೆದರೆ 1.1. ಇದು ಅಬ್ಸಲ್ಯೂಟ್ ಇಳಿಕೆ, ನೇರ ವ್ಯತ್ಯಾಸ. ಆ 1.1, ಮೊದಲಿದ್ದ 3ರಲ್ಲಿ ಎಷ್ಟು ಪಾಲು ಎಂದು ಕೇಳಿದರೆ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಇದು ರಿಲೇಟಿವ್ ಇಳಿಕೆ. ಶೇ 36 ಬಂದದ್ದು ಇಲ್ಲಿಂದ. ಅಮೆರಿಕದಲ್ಲಿ ಇದೇ ಅಟೋರ್ವಾಸ್ಟ್ಯಾಟಿನ್‌ನ ಬ್ರ್ಯಾಂಡ್ ಆದ ಲಿಪಿಟರ್‌ನ ಜಾಹೀರಾತು ಶೇ 36 ಅನ್ನು ದೊಡ್ಡದಾಗಿ ಹಾಕಿ, 3 ಮತ್ತು 2ರ ಲೆಕ್ಕವನ್ನು ನಕ್ಷತ್ರ ಚಿಹ್ನೆಯ ಕೆಳಗಿನ ಸಣ್ಣ ಅಕ್ಷರಕ್ಕೆ ತಳ್ಳಿತ್ತು. ನಾನಂತೂ ಮೊದಲು ಓದುವುದು ಆ ಸಣ್ಣ ಅಕ್ಷರವನ್ನೇ. ನೀವೂ ಹಾಗೇ ಮಾಡಿ.

ನೂರನ್ನು ನೇರ ವ್ಯತ್ಯಾಸದಿಂದ ಭಾಗಿಸಿ. ಪೂರ್ತಿ ದಶಮಾಂಶ ಇಟ್ಟು ಮಾಡಿದರೆ 94 ಬರುತ್ತದೆ. ಇದೇ ಎನ್‌ಎನ್‌ಟಿ. ಒಬ್ಬರಿಗೆ ತೊಂದರೆ ತಪ್ಪಿಸಲು ಎಷ್ಟು ಜನಕ್ಕೆ ಔಷಧ ಕೊಡಬೇಕು ಎಂಬ ಸಂಖ್ಯೆ.

ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಎಡವುವುದು ಇದರ ಮುಂದೆ.

ಎನ್‌ಎನ್‌ಟಿ ಪಕ್ಕದಲ್ಲಿ ‘ಯಾರಿಗೆ, ಎಷ್ಟು ವರ್ಷ’ ಎಂದು ಬರೆಯಿರಿ. ಇವೆರಡೂ ಇಲ್ಲದ 94ಕ್ಕೆ ಅರ್ಥವೇ ಇಲ್ಲ. ಆಸ್ಕಾಟ್‌ನ ಈ ಭಾಗವನ್ನು ಬೇಗ ನಿಲ್ಲಿಸಿದ್ದರಿಂದ ಜನರನ್ನು ಗಮನಿಸಿದ್ದು ಸುಮಾರು 3.3 ವರ್ಷ. ಹಾಗಾಗಿ ‘ಇಂಥ ಬಿ.ಪಿ. ರೋಗಿಗಳಲ್ಲಿ 94 ಜನ 3.3 ವರ್ಷ ತಗೊಂಡರೆ ಒಬ್ಬರಿಗೆ ತಪ್ಪುತ್ತದೆ’ ಎಂದೇ ಬರೆಯಬೇಕು. ಮಿಕ್ಕ 93 ಜನಕ್ಕೆ ಮಾತ್ರೆ ಕೆಲಸವೇ ಮಾಡಲಿಲ್ಲ ಎಂದು ಇದರಿಂದ ಹೇಳಲಾಗದು. ಅವರಲ್ಲಿ ಹೆಚ್ಚಿನವರಿಗೆ ಮಾತ್ರೆ ಇಲ್ಲದಿದ್ದರೂ ಆ 3.3 ವರ್ಷದಲ್ಲಿ ಅಟ್ಯಾಕ್ ಆಗುತ್ತಿರಲಿಲ್ಲ.

ಈಗ ಇದರ ಪಕ್ಕ 1994ರ 4ಎಸ್ ಪ್ರಯೋಗವನ್ನು ಇಡಿ. ಉತ್ತರ ಯುರೋಪಿನ ದೇಶಗಳಲ್ಲಿ ನಡೆದ ಇದರಲ್ಲಿ ಇದ್ದವರೆಲ್ಲ ಆಗಲೇ ಹೃದ್ರೋಗಿಗಳು. ಅವಧಿ ಸುಮಾರು 5.4 ವರ್ಷ. ಹುಸಿ ಮಾತ್ರೆಯ 2,223 ಜನರಲ್ಲಿ 622 ಮಂದಿಗೆ ದೊಡ್ಡ ಹೃದಯ ಸಮಸ್ಯೆ ಆಯಿತು. ಸಿಮ್ವಾಸ್ಟ್ಯಾಟಿನ್ ಪಡೆದ 2,221 ಜನರಲ್ಲಿ 431. ನೂರಕ್ಕೆ 28 ಇದ್ದದ್ದು 19.4 ಆಯಿತು. ರಿಲೇಟಿವ್ ಲೆಕ್ಕದಲ್ಲಿ ಸುಮಾರು ಮೂರನೇ ಒಂದು ಪಾಲು ಇಳಿಕೆ, ಹೆಚ್ಚುಕಡಿಮೆ ಆಸ್ಕಾಟ್‌ನಷ್ಟೇ. ಆದರೆ ನೇರ ವ್ಯತ್ಯಾಸ 8.6, ಎನ್‌ಎನ್‌ಟಿ 12.

94 ಎಲ್ಲಿ, 12 ಎಲ್ಲಿ! ವರ್ಷಗಳ ವ್ಯತ್ಯಾಸ ಇದೆ, ನಿಜ. ಲಾಭ ಪ್ರತಿವರ್ಷ ಒಂದೇ ಸಮ ಎಂದು ಒರಟಾಗಿ ಊಹಿಸಿ ಎರಡನ್ನೂ 5 ವರ್ಷಕ್ಕೆ ತಂದು ನೋಡಿ. ಆಸ್ಕಾಟ್‌ಗೆ 62ರ ಆಸುಪಾಸು, 4ಎಸ್‌ಗೆ 13 ಬರುತ್ತದೆ. ಎಣಿಸಿದ ತೊಂದರೆಗಳ ಪಟ್ಟಿಯೂ ಎರಡರಲ್ಲಿ ಪೂರ್ತಿ ಒಂದೇ ಅಲ್ಲ. ಆದರೂ ಇಷ್ಟು ಅಂತರಕ್ಕೆ ಮುಖ್ಯ ಕಾರಣ, ಶುರುವಿನಲ್ಲೇ ಇದ್ದ ಅಪಾಯ. ಮಾತ್ರೆ ಕತ್ತರಿಸಿದ್ದು ಹೆಚ್ಚುಕಡಿಮೆ ಅದೇ ಮೂರನೇ ಒಂದು ಪಾಲು. ದೊಡ್ಡ ರೊಟ್ಟಿಯ ಮೂರನೇ ಒಂದು ಪಾಲು ದೊಡ್ಡದೇ ಇರುತ್ತದೆ. ಇಂಟರ್ನೆಟ್ಟಿನಲ್ಲಿ ವರ್ಷ, ರೋಗಿಯ ವಿವರ ಇಲ್ಲದೆ ಬರೀ ಎನ್‌ಎನ್‌ಟಿ ಕೊಡುವ ಪಟ್ಟಿಗಳನ್ನು ನಂಬಬೇಡಿ.

ಕೊನೆಗೆ ನಿಮ್ಮ ಸ್ವಂತ ಲೆಕ್ಕ. ಯಾವುದೋ ಪ್ರಯೋಗದ ಎನ್‌ಎನ್‌ಟಿಯನ್ನು ಸುಮ್ನೆ ಎತ್ತಿ ನಿಮಗೆ ಅಂಟಿಸಿಕೊಳ್ಳಬೇಡಿ. ‘ಮಾತ್ರೆ ಇಲ್ಲದೆ ಮುಂದಿನ ಹತ್ತು ವರ್ಷದಲ್ಲಿ ನನ್ನ ಅಪಾಯ ನೂರಕ್ಕೆ ಎಷ್ಟು?’ ಎಂದು ಡಾಕ್ಟರನ್ನು ಕೇಳಿ. 12 ಎಂದರೆ, ಮೂರನೇ ಒಂದು ಪಾಲು ಇಳಿದು 8. ವ್ಯತ್ಯಾಸ 4, ಹತ್ತು ವರ್ಷಕ್ಕೆ ಎನ್‌ಎನ್‌ಟಿ 25. ಅಪಾಯ 3 ಎಂದರೆ 2ಕ್ಕೆ ಇಳಿಯುತ್ತದೆ, ಎನ್‌ಎನ್‌ಟಿ 100. ಅಡ್ಡಪರಿಣಾಮವನ್ನೂ ನೂರಕ್ಕೆ ಎಷ್ಟು ಎಂದೇ ಕೇಳಿ, ಅದೇ ಹಾಳೆಯಲ್ಲಿ ಪಕ್ಕದಲ್ಲೇ ಬರೆಯಿರಿ. ಲಾಭವನ್ನು ರಿಲೇಟಿವ್ ಅಂಕಿಯಲ್ಲಿ, ಹಾನಿಯನ್ನು ನೇರ ಅಂಕಿಯಲ್ಲಿ ಇಟ್ಟರೆ ತಕ್ಕಡಿ ಮೊದಲೇ ಒಂದು ಕಡೆ ವಾಲಿರುತ್ತದೆ.

ಪಕ್ಕದ ಮನೆಯವರಿಗೆ ನಾನು ತೋರಿಸಿದ್ದು 4ಎಸ್‌ನ ಸಾಲನ್ನು. ಅವರು ಆಸ್ಕಾಟ್‌ನ ಗುಂಪಿನವರಲ್ಲ, ಆಗಲೇ ಅಟ್ಯಾಕ್ ಆದವರು. ಮರುದಿನವೇ ಆ ಹಾಳೆ ಹಿಡಿದು ಡಾಕ್ಟರ ಬಳಿ ಹೋದರು.