ಎರಡು ಡಿಗ್ರಿ ಎಲ್ಲಿಂದ ಬಂತು?

ನೋಟ ಎಷ್ಟು ಮೇಲಕ್ಕಿದೆ ಎಂಬ ಕೋನವನ್ನು ಅಳೆಯಲು ನಾನು ಮಾಡಿದ ಕ್ಲಿನೋಮೀಟರ್ ಮೊದಲ ದಿನ ಒಂದು ಕಟ್ಟಡದ ಎತ್ತರ 13.22 ಮೀಟರ್ ಎಂದಿತು. ತಾರಸಿಯಿಂದ ಅಳತೆ ಟೇಪು ಇಳಿಬಿಟ್ಟು ನೋಡಿದರೆ 12.35. ಸುಮಾರು 87 ಸೆಂಟಿಮೀಟರ್ ಹೆಚ್ಚು!

ಸಾಧನದಲ್ಲಿ ಹೆಚ್ಚೇನೂ ಇರಲಿಲ್ಲ. ಅರ್ಧವೃತ್ತದ ಕೋನಮಾಪಕವನ್ನು ತಲೆಕೆಳಗು ಹಿಡಿದು, ಅದರ ನೇರ ಅಂಚಿಗೆ 12 ಸೆಂಟಿಮೀಟರ್ ಉದ್ದದ ಸ್ಟ್ರಾ ಅಂಟಿಸಿದ್ದೆ. 0–180 ಗೆರೆಯ ನಡುವಿನ ತೂತಿಗೆ ದಾರ ಕಟ್ಟಿ, ಕೊನೆಗೆ ಒಂದು ನಟ್ ತೂಗುಬಿಟ್ಟಿದ್ದೆ. ದಾರವನ್ನು ಆ ತೂತಿನಿಂದಲೇ ಇಳಿಬಿಡಬೇಕು. ಅಂಚಿಗೆ ಕಟ್ಟಿದರೆ ಓದುವ ಕೋನವೇ ತಪ್ಪು. ಸ್ಟ್ರಾ ಸಮತಲವಾಗಿದ್ದಾಗ ದಾರ 90ರ ಮೇಲೆ ನಿಲ್ಲುತ್ತದೆ. ಮೇಲಕ್ಕೆ ಎತ್ತಿದಾಗ 90ರಿಂದ ಎಷ್ಟು ಸರಿಯಿತೋ ಅದೇ ಏರುಕೋನ.

ಗೋಡೆಯ ಬುಡದಿಂದ 15 ಮೀಟರ್ ದೂರ ನಿಂತು ತಾರಸಿಯ ಅಂಚನ್ನು ನೋಡಿದೆ. ದಾರ ಎಲ್ಲಿದೆ ಎಂದು ನನ್ನ ತಮ್ಮ ಪಕ್ಕದಿಂದ ಓದಿ ಹೇಳಿದ: 52. ಒಬ್ಬರೇ ಇದ್ದರೆ ದಾರವನ್ನು ಬೆರಳಲ್ಲಿ ಒತ್ತಿ ಹಿಡಿದು ಓದಬಹುದು, ಆದರೆ ಒತ್ತುವಾಗಲೇ ಅದು ಸರಿಯುತ್ತದೆ. ಏರುಕೋನ 38 ಡಿಗ್ರಿ. ಟ್ಯಾನ್ 38 ಅಂದರೆ 0.781. ಅದನ್ನು 15ರಿಂದ ಗುಣಿಸಿ, ನನ್ನ ಕಣ್ಣಿನ ಎತ್ತರ 1.5 ಮೀಟರ್ ಕೂಡಿಸಿದಾಗ ಬಂದದ್ದೇ ಆ 13.22.

ಮೊದಲು ದೂರದ ಅಳತೆಯ ಮೇಲೆ ಅನುಮಾನ ಬಂತು. ಮತ್ತೆ ಅಳೆದೆ, ಸರಿಯಾಗಿಯೇ ಇತ್ತು. ಹಾಗಾದರೆ ಕೋನದಲ್ಲೇ ಏನೋ ಇದೆ. ಪಾರದರ್ಶಕ ಪೈಪಿಗೆ ನೀರು ತುಂಬಿ, ಎದುರುಬದುರು ಗೋಡೆಗಳ ಮೇಲೆ ಒಂದೇ ಮಟ್ಟದಲ್ಲಿ ಗುರುತು ಹಾಕಿದೆ. ಪೈಪಿನ ಎರಡೂ ತುದಿಯಲ್ಲಿ ನೀರು ಸಮಮಟ್ಟದಲ್ಲೇ ನಿಲ್ಲುತ್ತದಲ್ಲ! ಒಂದು ಗುರುತಿಗೆ ಸ್ಟ್ರಾ ತಾಗಿಸಿ ಇನ್ನೊಂದನ್ನು ನೋಡಿದೆ. 90 ಬರಬೇಕಿತ್ತು, ಬಂದದ್ದು 88. ಆಚೆಯಿಂದ ಈಚೆಗೆ ನೋಡಿದರೂ 88. ನೀರಿನ ಗುರುತುಗಳಲ್ಲಿ ತಪ್ಪಿದ್ದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗಬೇಕಿತ್ತು. ತಪ್ಪು ಸಾಧನದ್ದೇ.

ಸ್ಟ್ರಾದ ಒಂದು ತುದಿಯ ಕೆಳಗೆ ಅಂಟುಪಟ್ಟಿ ಮುದ್ದೆಯಾಗಿ ಕೂತಿತ್ತು. 12 ಸೆಂಟಿಮೀಟರಿಗೆ 4 ಮಿಲಿಮೀಟರ್ ಓರೆಯಾದರೆ ಸಾಕು, ಎರಡು ಡಿಗ್ರಿ ಆಗಿಬಿಡುತ್ತದೆ. ಇನ್ನೊಂದು ಲೋಪವೂ ಕಂಡಿತು: ಸ್ಟ್ರಾದ 6 ಮಿಲಿಮೀಟರ್ ಅಗಲದ ತೂತಿನಲ್ಲಿ ಸುಮಾರು ಮೂರು ಡಿಗ್ರಿಯಷ್ಟು ನೋಟ ಕಾಣುತ್ತದೆ, ಅದರಲ್ಲಿ ನಡು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೆ ಆಚೆ ತುದಿಗೆ ಎರಡು ನೂಲೆಳೆಗಳನ್ನು ಅಡ್ಡಡ್ಡ ಅಂಟಿಸಿದೆ, ಕಣ್ಣಿನ ಕಡೆಯ ತುದಿಗೆ ಸೂಜಿತೂತಿನ ಕಾಗದ ಹಚ್ಚಿದೆ.

ಸ್ಟ್ರಾ ಬಿಚ್ಚಿ ನೇರ ಮಾಡಿ, ಗುರುತುಗಳ ನಡುವೆ 90 ಬರುವ ತನಕ ಸರಿಪಡಿಸಿದೆ. ಆಮೇಲೆ ಅದೇ ಜಾಗದಿಂದ ದಾರ 54ಕ್ಕೆ ಬಂತು, ಎತ್ತರ 12.40. ಐದು ಸೆಂಟಿಮೀಟರ್ ವ್ಯತ್ಯಾಸ ನನ್ನ ಅದೃಷ್ಟ ಅಷ್ಟೇ. ಈ ದೂರದಲ್ಲಿ ಓದುವಾಗ ಅರ್ಧ ಡಿಗ್ರಿ ತಪ್ಪಿದರೂ 20 ಸೆಂಟಿಮೀಟರ್ ಹೋಗುತ್ತದೆ, ಗಾಳಿ ಬೀಸಿದರೆ ದಾರ ಅದಕ್ಕಿಂತ ಹೆಚ್ಚೇ ಅಲ್ಲಾಡುತ್ತದೆ.